ದಿನದ ಇಳಿತ, ಬಿರುಮಳೆಯ ಇಳಿತ

ಹಿಂಗಾರಿನ ದಿನಗಳು ಬಂದವೆಂದರೆ ಕನ್ನಡ ಪತ್ರಿಕೆಗಳಲ್ಲಿ ಒಂದು ಮಾತು ತಪ್ಪದೆ ಕಾಣಿಸಿಕೊಳ್ಳುತ್ತದೆ: ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ. ಓದುವವರಿಗೆ ಅದರ ಅರ್ಥ ಮಳೆ ಎಂದಷ್ಟೇ. ಗಾಳಿಗೂ ಭಾರವಿದೆಯೆಂಬುದು, ಆ ಭಾರವನ್ನು ಯಾರೋ ಎಲ್ಲಿಯೋ ಕುಳಿತು ತೂಗುತ್ತಿದ್ದಾರೆಂಬುದು ಆ ಹೊತ್ತಿಗೆ ಯಾರ ಮನಸ್ಸಿಗೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಆ ಮಾತು ಕಿವಿಗೆ ಬಿದ್ದೊಡನೆ ಕಣ್ಣು ಗೋಡೆಯ ಕಡೆಗೆ ಹೋಗುತ್ತದೆ. ಅಲ್ಲಿ ಹಿತ್ತಾಳೆಯ ಅಂಚಿನ ಒಂದು ವಾಯುಭಾರಮಾಪಕ ತೂಗುಹಾಕಿದೆ. ಅದನ್ನು ಓದಲು ಕಲಿತಿದ್ದೇವೆಂದು ನಾವು ಬಹಳ ವರ್ಷ ನಂಬಿದ್ದೆವು. ಆ ನಂಬಿಕೆಗೆ ತಕ್ಕ ಬೆಲೆ ತೆತ್ತವರು ನಾವಲ್ಲ, ನಮ್ಮ ಕೆಳಮನೆಯ ಮಾಸ್ತರರು. ಈ ಬರಹ ಅದರ ಕುರಿತು.

ಮಾಪಕ ಮೊದಲು ಇದ್ದದ್ದು ಮಂಗಳೂರಿನಲ್ಲಿ. ತಂದೆಯವರು ಬಂದರಿನ ಸರಕು ಸಾಗಣೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ನಿವೃತ್ತರಾಗುವಾಗ ಕಚೇರಿಯ ಹಳೆಯ ಸಾಮಾನುಗಳ ಜೊತೆಗೆ ಇದೂ ಅವರ ಪಾಲಿಗೆ ಬಂತು. ಮುಖಫಲಕದ ಹೊರಸುತ್ತಿನಲ್ಲಿ ಅಂಗುಲಗಳು, ಒಳಸುತ್ತಿನಲ್ಲಿ ಮಿಲಿಬಾರುಗಳು. ಅಂಗುಲಗಳ ಮೇಲೆ ಇಂಗ್ಲಿಷಿನಲ್ಲಿ ಕೆಲವು ಪದಗಳು: 28ಕ್ಕೆ 'ಸ್ಟಾರ್ಮಿ', 29ಕ್ಕೆ 'ರೇನ್', ಇಪ್ಪತ್ತೊಂಬತ್ತೂವರೆಗೆ 'ಚೇಂಜ್', 30ಕ್ಕೆ 'ಫೇರ್'. ಮಂಗಳೂರಿನ ಗೋಡೆಯ ಮೇಲೆ ಮುಳ್ಳು ಸದಾ 'ಚೇಂಜ್' ಮತ್ತು 'ಫೇರ್'ಗಳ ನಡುವೆ ಅಲುಗಾಡುತ್ತಿದ್ದುದನ್ನು ಬಾಲ್ಯದಿಂದ ನೋಡಿದ್ದೆವು. ತಂದೆಯವರು ತೀರಿಕೊಂಡ ಮೇಲೆ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಹೈದರಾಬಾದಿಗೆ ತಂದು ಹಬ್ಸಿಗುಡದ ಮನೆಯಲ್ಲಿ ತೂಗುಹಾಕಿದೆವು. ಮುಳ್ಳು ನೇರವಾಗಿ 'ಸ್ಟಾರ್ಮಿ'ಗೆ ಹೋಗಿ ನಿಂತಿತು. ಹೊರಗೆ ಫೆಬ್ರವರಿಯ ನಿರ್ಮಲ ಆಕಾಶ. ಒಂದು ವಾರ ಕಾದೆವು, ಮುಳ್ಳು ಅಲ್ಲಿಂದ ಕದಲಲಿಲ್ಲ. ಪ್ರಯಾಣದಲ್ಲಿ ಪೆಟ್ಟು ಬಿದ್ದಿತೆಂದುಕೊಂಡು ಗಡಿಯಾರ ರಿಪೇರಿಯವನಲ್ಲಿಗೆ ಒಯ್ದರೆ ಅವನು ಬೆನ್ನು ಬಿಚ್ಚಿ ನೋಡಿ, ಎಲ್ಲವೂ ಸರಿಯಾಗಿದೆಯೆಂದು ಹಿಂದಕ್ಕೆ ಕೊಟ್ಟನು.

ಎಲ್ಲವೂ ಸರಿಯಾಗಿಯೇ ಇತ್ತು. ಬದಲಾಗಿದ್ದದ್ದು ಊರಿನ ಎತ್ತರ. ಮಾಪಕದೊಳಗೆ ಗಾಳಿ ತೆಗೆದ ಒಂದು ತೆಳು ಲೋಹದ ಡಬ್ಬಿಯಿರುತ್ತದೆ. ಮೇಲಿನ ಗಾಳಿಯ ಭಾರ ಹೆಚ್ಚಿದರೆ ಅದು ಕೂದಲೆಳೆಯಷ್ಟು ಒಳಗೆ ತಗ್ಗುತ್ತದೆ, ಕಡಿಮೆಯಾದರೆ ಅಷ್ಟೇ ಹೊರಗೆ ಉಬ್ಬುತ್ತದೆ. ಸನ್ನೆಗೋಲುಗಳು ಆ ಅತಿಸಣ್ಣ ಚಲನೆಯನ್ನು ಹಿಗ್ಗಿಸಿ ಮುಳ್ಳಿಗೆ ಮುಟ್ಟಿಸುತ್ತವೆ. ಸಮುದ್ರಮಟ್ಟದಿಂದ ಮೇಲೇರಿದಂತೆ ನಮ್ಮ ತಲೆಯ ಮೇಲಿನ ಗಾಳಿಯ ಕಂಬ ಗಿಡ್ಡವಾಗುತ್ತದೆ, ಸುಮಾರು ಒಂಬತ್ತು ಮೀಟರಿಗೆ ಒಂದು ಮಿಲಿಬಾರಿನಂತೆ ಭಾರ ಇಳಿಯುತ್ತದೆ. ಹೈದರಾಬಾದು ನಿಂತಿರುವುದು ಐನೂರು ಮೀಟರಿಗೂ ಎತ್ತರದ ಕಲ್ಲುನೆಲದ ಮೇಲೆ. ಆದ್ದರಿಂದ ಇಲ್ಲಿಯ ಗಾಳಿಯ ನಿಜವಾದ ಭಾರ 950 ಮಿಲಿಬಾರುಗಳ ಆಸುಪಾಸು, ಅಂಗುಲದ ಲೆಕ್ಕದಲ್ಲಿ ಇಪ್ಪತ್ತೆಂಟು. ಇಂಗ್ಲೆಂಡಿನ ಸಮುದ್ರದಂಡೆಗೆಂದು ಬರೆದ ಫಲಕಕ್ಕೆ ದಖನ್ನಿನ ಇಡೀ ವರ್ಷವೇ ಬಿರುಗಾಳಿ. ಪರಿಹಾರ ಸರಳವಾದುದು: ಬೆನ್ನಿನಲ್ಲಿ ಒಂದು ಚಿಕ್ಕ ತಿರುಪಿದೆ, ಹವಾಮಾನ ಇಲಾಖೆ ಹೈದರಾಬಾದಿಗೆ ಪ್ರಕಟಿಸುವ ಸಮುದ್ರಮಟ್ಟಕ್ಕೆ ಇಳಿಸಿದ ಅಂಕಿಯನ್ನು ನೋಡಿಕೊಂಡು ಅದೇ ಗಳಿಗೆಯಲ್ಲಿ ಮುಳ್ಳನ್ನು ಆ ಅಂಕಿಗೆ ತಂದು ನಿಲ್ಲಿಸಬೇಕು. ಮುಂದೆ ಬರುವ ಅಂಕಿಗಳೆಲ್ಲ ಹಾಗೆ ಸರಿಪಡಿಸಿದ ಮುಳ್ಳಿನವು.

ತಿರುಪು ಸರಿಪಡಿಸಿದ ಮೇಲೆ ಎರಡನೆಯ ಗೊಂದಲ ಎದುರಾಯಿತು. ಬೆಳಗ್ಗೆ ಹತ್ತು ಗಂಟೆಗೆ ನೋಡಿದರೆ 1012, ಸಂಜೆ ನಾಲ್ಕಕ್ಕೆ 1008. ಆರು ಗಂಟೆಗಳಲ್ಲಿ ನಾಲ್ಕು ಮಿಲಿಬಾರಿನ ಇಳಿತ! ಉತ್ತರದ ಸಮಶೀತೋಷ್ಣ ದೇಶಗಳ ಹವಾಮಾನ ಪುಸ್ತಕಗಳ ಪ್ರಕಾರ ಇದು ಗಾಳಿಮಳೆಯ ಮುನ್ಸೂಚನೆ. ಆದರೆ ಅಂದೂ ಮಳೆಯಿಲ್ಲ, ಮರುದಿನವೂ ಇಲ್ಲ, ಮರುದಿನ ಸಂಜೆ ನಾಲ್ಕಕ್ಕೆ ಮುಳ್ಳು ಮತ್ತೆ ಅಷ್ಟೇ ಇಳಿದಿತ್ತು. ರಾತ್ರಿ ಹತ್ತಕ್ಕೆ ಏರಿತು, ನಸುಕಿನ ನಾಲ್ಕಕ್ಕೆ ಪುನಃ ಸ್ವಲ್ಪ ತಗ್ಗಿತು, ಬೆಳಗ್ಗೆ ಹತ್ತಕ್ಕೆ ಮರಳಿ ಏರಿತು. ಕಡಲಿಗೆ ಭರತ ಇಳಿತಗಳಿರುವಂತೆ ಗಾಳಿಗೂ ಇವೆ. ವ್ಯತ್ಯಾಸವೆಂದರೆ ಕಡಲನ್ನು ಎಳೆಯುವವನು ಮುಖ್ಯವಾಗಿ ಚಂದ್ರ, ಗಾಳಿಯನ್ನು ಆಡಿಸುವವನು ಸೂರ್ಯ. ಮೇಲಿನ ವಾಯುಮಂಡಲದ ಓಝೋನು, ಕೆಳಗಿನ ನೀರಾವಿ ಎರಡೂ ಬಿಸಿಲನ್ನು ಹೀರಿ ಕಾದು ಆರುವಾಗ ಇಡೀ ವಾಯುಮಂಡಲದಲ್ಲಿ ಒಂದು ಅಲೆ ಏಳುತ್ತದೆ, ದಿನಕ್ಕೆ ಎರಡು ಬಾರಿ ಅದು ನಮ್ಮನ್ನು ಹಾದುಹೋಗುತ್ತದೆ. ಈ ಅಲೆ ಭೂಮಧ್ಯರೇಖೆಯ ಹತ್ತಿರ ದೊಡ್ಡದು, ಧ್ರುವಗಳ ಕಡೆಗೆ ಹೋದಂತೆ ಕ್ಷೀಣ. ಲಂಡನ್ನಿನಲ್ಲಿ ಅದು ಕಣ್ಣಿಗೆ ಬೀಳದಷ್ಟು ಚಿಕ್ಕದು, ಅಲ್ಲಿ ಮುಳ್ಳು ಇಳಿದರೆ ಅದಕ್ಕೆ ಬಹುಪಾಲು ಹವೆಯೇ ಕಾರಣ. ನಮ್ಮಲ್ಲಿ ಮುಳ್ಳು ದಿನವೂ ಇಳಿಯುತ್ತದೆ, ಸುಮ್ಮನೆ ಇಳಿಯುತ್ತದೆ.

ಹಾಗಾದರೆ ಬಿರುಗಾಳಿಯ ಇಳಿತವನ್ನು ದಿನದ ಇಳಿತದಿಂದ ಬೇರ್ಪಡಿಸುವುದು ಹೇಗೆ? ಇದಕ್ಕೆ ಉತ್ತರವನ್ನು ತಂದೆಯವರು ಹಡಗಿನವರಿಂದ ಕಲಿತಿದ್ದರು. ಬೆಳಗಿನ ಅಂಕಿಯನ್ನು ಸಂಜೆಯ ಅಂಕಿಯೊಡನೆ ಎಂದೂ ಹೋಲಿಸಬಾರದು. ಈ ಹೊತ್ತಿನ ಅಂಕಿಯನ್ನು ನಿನ್ನೆಯ ಇದೇ ಹೊತ್ತಿನ ಅಂಕಿಯೊಡನೆ ಹೋಲಿಸಬೇಕು. ಎರಡೂ ಕಡೆ ಅಲೆ ಒಂದೇ ಮಟ್ಟದಲ್ಲಿರುವುದರಿಂದ ಅದು ಲೆಕ್ಕದಿಂದ ತಾನಾಗಿ ಬಿದ್ದುಹೋಗುತ್ತದೆ, ಉಳಿದದ್ದು ಹವೆಯ ಪಾಲು. ನಮ್ಮ ಹವಾಮಾನ ಇಲಾಖೆಯವರೂ ಬೆಳಗಿನ ಎಂಟೂವರೆಯ ವೀಕ್ಷಣೆಯನ್ನು ಹಿಂದಿನ ದಿನದ ಎಂಟೂವರೆಯದರೊಡನೆ ಇಟ್ಟು ಇಪ್ಪತ್ತನಾಲ್ಕು ಗಂಟೆಗಳ ಬದಲಾವಣೆಯನ್ನು ನಕ್ಷೆಯ ಮೇಲೆ ಬರೆಯುತ್ತಾರೆ. ಉಷ್ಣವಲಯದ ಕಡಲಿನಲ್ಲಿ ನಾವಿಕರ ಹಳೆಯ ನಿಯಮ ಇನ್ನೂ ಸ್ಪಷ್ಟ: ದಿನದ ಏರಿಳಿತವನ್ನು ಕಳೆದ ಮೇಲೆ ಆ ಋತುವಿನ ಸಾಮಾನ್ಯ ಅಂಕಿಗಿಂತ ಮೂರು ಮಿಲಿಬಾರು ಕಡಿಮೆ ಕಂಡರೆ ಸಂಶಯಪಡು, ಐದು ಕಡಿಮೆಯಾದರೆ ಇನ್ನೂರು ನಾಟಿಕಲ್ ಮೈಲಿಗಳೊಳಗೆ ಚಂಡಮಾರುತ ಇದೆಯೆಂದೇ ತಿಳಿದುಕೋ.

ಮೂರು, ಐದು ಎಂಬ ಇಷ್ಟು ಸಣ್ಣ ಸಂಖ್ಯೆಗಳಿಗೆ ಅಷ್ಟೊಂದು ತೂಕವೇಕೆ ಎಂದು ಓದುಗರು ಕೇಳಬಹುದು. ಬೆಚ್ಚಗಿನ ಕಡಲಿನ ಮೇಲೆ ಒಂದೆಡೆ ತೇವದ ಗಾಳಿ ಮೇಲೇರುತ್ತದೆ, ಅದರ ಆವಿ ಮೋಡವಾಗುವಾಗ ಅಡಗಿದ್ದ ಶಾಖ ಹೊರಬಿದ್ದು ಸುತ್ತಲಿನ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಬಹಳ ಎತ್ತರದಲ್ಲಿ ನಾಲ್ಕೂ ಕಡೆಗೆ ಹರಡಿ ಹೋಗುತ್ತದೆ. ಕೆಳಗಿನಿಂದ ಒಳಬರುವ ಗಾಳಿಗಿಂತ ಮೇಲಿನಿಂದ ಹೊರಹೋಗುವ ಗಾಳಿ ಎಷ್ಟು ಹೆಚ್ಚೋ ಅಷ್ಟು ಆ ಕಂಬ ಹಗುರಾಗುತ್ತದೆ. ಮುಳ್ಳು ತೋರಿಸುವುದು ಈ ಕೊರತೆಯನ್ನು. ಹಗುರಾದ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗಬೇಕು, ಭೂಮಿಯ ತಿರುಗುವಿಕೆ ಅದನ್ನು ನೇರವಾಗಿ ಹೋಗಗೊಡದೆ ಸುಳಿಯಾಗಿಸುತ್ತದೆ. ನಮ್ಮ ಗೋಳಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಹಗುರಾದ ಜಾಗ ಎಡಗೈಯ ಕಡೆಗಿರುತ್ತದೆ. ಹಡಗಿನವರು ಮುಳ್ಳಿನಿಂದ ಚಂಡಮಾರುತ ಇದೆಯೆಂಬುದನ್ನೂ ಗಾಳಿಯಿಂದ ಅದು ಯಾವ ದಿಕ್ಕಿಗಿದೆಯೆಂಬುದನ್ನೂ ತಿಳಿಯುತ್ತಿದ್ದುದು ಹೀಗೆ.

ಇಷ್ಟನ್ನೂ ತಿಳಿದುಕೊಂಡಿದ್ದೆವು. ಒಂದು ಪುಸ್ತಕದಲ್ಲಿ ದಿನಕ್ಕೆ ಮೂರು ಬಾರಿ, ಬೆಳಗ್ಗೆ ಹತ್ತು, ಸಂಜೆ ನಾಲ್ಕು, ರಾತ್ರಿ ಹತ್ತಕ್ಕೆ, ಗಾಜನ್ನು ಬೆರಳಿನಿಂದ ಮೆಲ್ಲನೆ ತಟ್ಟಿ ಅಂಕಿ ಬರೆದಿಡುವ ರೂಢಿಯೂ ಇತ್ತು. ತಟ್ಟದಿದ್ದರೆ ಸನ್ನೆಗೋಲುಗಳ ಬಿಗಿಯಿಂದ ಮುಳ್ಳು ಹಿಂದಿನ ಜಾಗದಲ್ಲಿಯೇ ಅಂಟಿಕೊಂಡಿರುತ್ತದೆ. ಕೆಳಮನೆಯ ಮಾಸ್ತರರಿಗೆ ಈ ಪುಸ್ತಕದ ಮೇಲೆ ಬಲು ಅಕ್ಕರೆ. ಅವರು ಕಲಬುರಗಿ ಕಡೆಯವರು, ಹೈದರಾಬಾದಿನಲ್ಲಿಯೇ ಕನ್ನಡ ಕಲಿಸಿ ನಿವೃತ್ತರಾದವರು. ನೆಲಮಹಡಿಯ ಎರಡು ಕೋಣೆಗಳಲ್ಲಿ ಅವರು, ಅವರ ಮಡದಿ, ಗೋಡೆಯುದ್ದಕ್ಕೂ ನೆಲದಿಂದಲೇ ಆರಂಭವಾಗುವ ಪುಸ್ತಕದ ಕಪಾಟುಗಳು. ಕೆಳಗಿನ ಸಾಲಿನಲ್ಲಿ ನಲವತ್ತು ವರ್ಷಗಳಿಂದ ಅವರು ತಮ್ಮ ಕಡೆಯ ಕೃಷಿಯ ಮಾತುಗಳನ್ನೂ ಗಾದೆಗಳನ್ನೂ ಬರೆದು ಕೂಡಿಸಿದ್ದ ನೋಟು ಪುಸ್ತಕಗಳು.

2020ರ ಅಕ್ಟೋಬರ್ ಎರಡನೆಯ ವಾರ, ಚಿತ್ತಾ ಮಳೆ ಹುಟ್ಟಿದ ಹೊಸತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂದು ಸುದ್ದಿ ಬಂತು. ಅದು ತೀವ್ರಗೊಂಡು 13ರ ಬೆಳಗ್ಗೆ ಕಾಕಿನಾಡದ ಸಮೀಪ ದಡ ಹತ್ತಿತು, ಗಾಳಿಯ ವೇಗ ಗಂಟೆಗೆ 55ರಿಂದ 65 ಕಿಲೋಮೀಟರ್. ಚಂಡಮಾರುತವೆಂಬ ಹೆಸರು ಪಡೆಯುವಷ್ಟು ಬಲ ಅದಕ್ಕೆ ಇರಲಿಲ್ಲ, ಇಲಾಖೆಯ ಭಾಷೆಯಲ್ಲಿ ಅದೊಂದು ತೀವ್ರ ವಾಯುಭಾರ ಕುಸಿತ ಅಷ್ಟೆ. ದಡ ಹತ್ತಿದ ಮೇಲೆ ಸಾಮಾನ್ಯವಾಗಿ ಕಡಲಿನ ಆವಿ ತಪ್ಪಿ ಇಂಥವು ಬೇಗನೆ ಸೊರಗುತ್ತವೆ. ಇದು ಅಷ್ಟು ಬೇಗ ಸೊರಗದೆ ತೆಲಂಗಾಣದ ಮೇಲೆ ಪಶ್ಚಿಮಕ್ಕೆ ನಡೆದು ಬಂತು.

ಪುಸ್ತಕದ ಆ ಪುಟ ಈಗಲೂ ನಮ್ಮ ಮುಂದಿದೆ. ಬೆಳಗಿನ ಹತ್ತು ಗಂಟೆಯ ಅಂಕಿಗಳು: 11ನೆಯ ತಾರೀಕು 1012, 12ಕ್ಕೆ 1009, 13ಕ್ಕೆ 1005. ಸಂಜೆ ನಾಲ್ಕರವು: 1008, 1005, 1001. ಅಡ್ಡಲಾಗಿ ಓದಿದರೆ ಮೂರೂ ದಿನ ಬೆಳಗಿನಿಂದ ಸಂಜೆಗೆ ನಾಲ್ಕು ನಾಲ್ಕೇ ಇಳಿದಿದೆ, ಒಂದು ದಿನಕ್ಕೂ ಇನ್ನೊಂದಕ್ಕೂ ಭೇದವಿಲ್ಲ. ಮೇಲಿನಿಂದ ಕೆಳಕ್ಕೆ ಓದಿದರೆ ಸಂಜೆ ನಾಲ್ಕರ ಅಂಕಿ ಎರಡು ದಿನಗಳಲ್ಲಿ ಏಳು ಮಿಲಿಬಾರು ಕುಸಿದಿದೆ. ಹಡಗಿನವರ ಸಂಶಯದ ಗೆರೆಯನ್ನು ಅದು 12ರಂದೇ ಮುಟ್ಟಿ, 13ರ ಬೆಳಗ್ಗೆ ಖಚಿತದ ಗೆರೆಯನ್ನು ದಾಟಿತ್ತು.

ಅಂದು ಸಂಜೆ ನಾಲ್ಕೂವರೆಗೆ ಮಾಸ್ತರರು ಛತ್ರಿ ಹಿಡಿದು ಮೇಲೆ ಬಂದರು. ಬೆಳಗಿನಿಂದ ಮಳೆ ಬಿಡುತ್ತ ಹಿಡಿಯುತ್ತ ಬೀಳುತ್ತಿತ್ತು. ಬಾಗಿಲಲ್ಲಿಯೇ ನಿಂತು ಕೇಳಿದರು:

"ರಾಯರ, ನಿಮ್ಮ ಮುಳ್ಳು ಏನಂತದರೀ? ಕೆಳಗಿನ ಪುಸ್ತಕ ಎತ್ತಿ ಇಡಬೇಕೋ ಏನು?"

ನಾವು ಆಗಷ್ಟೇ ಅಂಕಿ ಬರೆದಿದ್ದೆವು. ಬೆಳಗಿನ 1005 ತಲೆಯಲ್ಲಿತ್ತು, ಸಂಜೆಯ 1001 ಕಣ್ಣೆದುರಿಗಿತ್ತು. ನಾಲ್ಕೇ ಮಿಲಿಬಾರು. ಜಾಣತನ ತೋರಿಸುವ ಅವಕಾಶ ಸಿಕ್ಕಿತೆಂದು ಗಾಳಿಯ ಭರತ ಇಳಿತಗಳ ಕುರಿತು ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆವು. "ಇದು ದಿನದ ಇಳಿತ ಮಾಸ್ತರರೇ, ಎಲ್ಲ ದಿನವೂ ಇಷ್ಟೇ. ರಾತ್ರಿ ಹತ್ತಕ್ಕೆ ಏರುತ್ತದೆ, ನೋಡುತ್ತಿರಿ," ಎಂದೆವು. ಭಾರೀ ಮಳೆಯ ಎಚ್ಚರಿಕೆ ಟೀವಿಯಲ್ಲಿ ಬರುತ್ತಿತ್ತು, ಅದನ್ನು ಅವರೂ ನೋಡಿದ್ದರು. ಆದರೆ ಮನೆಯ ಗೋಡೆಯ ಮೇಲಿನ ಯಂತ್ರದ ಮಾತಿಗೆ ಅವರು ಹೆಚ್ಚು ಬೆಲೆ ಕೊಟ್ಟರು. ಸಮಾಧಾನದಿಂದ ಚಹಾ ಕುಡಿದು ಕೆಳಗಿಳಿದರು. ಪುಸ್ತಕ ಎತ್ತಲಿಲ್ಲ.

ಅನ್ಯರ ಅಜ್ಞಾನವನ್ನು ತಿದ್ದುವ ಉತ್ಸಾಹದಲ್ಲಿ ನಾವು ಮಾಡಿದ್ದು ಅದೇ ತಪ್ಪಿನ ಇನ್ನೊಂದು ರೂಪ. ಬೆಳಗಿಗೂ ಸಂಜೆಗೂ ಹೋಲಿಸಿ ಬಿರುಗಾಳಿ ಬಂತೆನ್ನುವವನು ಎಷ್ಟು ತಪ್ಪೋ, ಬೆಳಗಿಗೂ ಸಂಜೆಗೂ ಹೋಲಿಸಿ ಬಿರುಗಾಳಿ ಇಲ್ಲವೆನ್ನುವವನೂ ಅಷ್ಟೇ ತಪ್ಪು. ಪುಟವನ್ನು ಒಂದು ಬಾರಿ ಮೇಲಿನಿಂದ ಕೆಳಕ್ಕೆ ನೋಡಿದ್ದರೆ ಸಾಕಿತ್ತು. ಕಿಟಕಿಯ ಹೊರಗೆ ಇನ್ನೊಂದು ಸಾಕ್ಷಿಯೂ ಇತ್ತು: ಗಾಳಿ ಉತ್ತರದಿಂದ ಬೀಸುತ್ತಿತ್ತು. ಅದಕ್ಕೆ ಬೆನ್ನು ಕೊಟ್ಟರೆ ಎಡಗೈ ಪೂರ್ವಕ್ಕೆ. ಹಗುರಾದ ಕಂಬ ಇನ್ನೂ ಪೂರ್ವದಲ್ಲಿಯೇ ಇದೆ, ನಮ್ಮನ್ನು ದಾಟಿಹೋಗಿಲ್ಲ, ನಮ್ಮ ಕಡೆಗೇ ಬರುತ್ತಿದೆ ಎಂದು ಗಾಳಿ ಹೇಳುತ್ತಿತ್ತು.

ಸಂಜೆಯ ನಂತರ ಮಳೆ ಬೇರೆಯ ಬಗೆಯದಾಯಿತು. ರಾತ್ರಿ ಹತ್ತಕ್ಕೆ ವಿದ್ಯುತ್ತಿಲ್ಲದ ಮನೆಯಲ್ಲಿ ಮೊಬೈಲಿನ ಬೆಳಕು ಹಿಡಿದು ಗಾಜು ತಟ್ಟಿದೆವು. 1002. ಎಲ್ಲ ರಾತ್ರಿಗಳಲ್ಲಿ ನಾಲ್ಕರಿಂದ ಹತ್ತಕ್ಕೆ ಮೂರು ಮಿಲಿಬಾರಿನಷ್ಟು ಏರುತ್ತಿದ್ದ ಮುಳ್ಳು ಅಂದು ಒಂದೇ ಏರಿತ್ತು. ಅಲೆ ಮೇಲಕ್ಕೆ ಎತ್ತುತ್ತಿದ್ದುದನ್ನು ಕುಸಿತ ಕೆಳಕ್ಕೆ ಎಳೆದು ಹಿಡಿದಿತ್ತು. ಏರಬೇಕಾದ ಹೊತ್ತಿನಲ್ಲಿ ಏರದಿರುವುದೂ ಇಳಿತವೇ ಎಂಬುದು ನಮಗೆ ಆ ಕತ್ತಲಲ್ಲಿ ಹೊಳೆಯಿತು. ಕೆಳಗಿಳಿಯುವಷ್ಟರಲ್ಲಿ ರಾಮಂತಪುರದ ಕೆರೆಯ ಕಡೆಯಿಂದ ನೀರು ಬೀದಿಗೆ ಬಂದಾಗಿತ್ತು. ಮೆಟ್ಟಿಲ ಕೊನೆಯಲ್ಲಿ ಮೊಣಕಾಲಿನ ಮಟ್ಟಕ್ಕೆ ಕಪ್ಪು ನೀರು. ದಂಪತಿಗಳನ್ನು ಮೇಲೆ ಕರೆದುಕೊಂಡು ಬಂದೆವು. ಮಾಸ್ತರರ ಕಂಕುಳಲ್ಲಿ ಎರಡು ನೋಟು ಪುಸ್ತಕಗಳಿದ್ದವು. ಮಿಕ್ಕವು ಕೆಳಗೆ ಉಳಿದವು.

ಬೇಗಂಪೇಟೆಯ ವೀಕ್ಷಣಾಲಯದಲ್ಲಿ 24 ಗಂಟೆಗಳಿಗೆ ಸುಮಾರು 19 ಸೆಂಟಿಮೀಟರ್ ಮಳೆಯಾಗಿತ್ತು, ಊರಿನ ಪೂರ್ವದ ಘಟಕೇಸರದ ಕಡೆ 30 ದಾಟಿತ್ತು. 14ರ ಬೆಳಗ್ಗೆ ಹತ್ತಕ್ಕೆ ಮುಳ್ಳು 1007ಕ್ಕೆ ಹಾರಿ ನಿಂತಿತ್ತು. ಕುಸಿತ ನಮ್ಮನ್ನು ದಾಟಿ ಮಾಸ್ತರರ ತವರಿನ ಕಡೆಗೆ ಹೋಗಿತ್ತು, ಮುಂದೆ ಭೀಮೆ ಉಕ್ಕಿದ್ದು ಎಲ್ಲರಿಗೂ ಗೊತ್ತು.

ನಮ್ಮ ತಪ್ಪನ್ನು ಹಗುರಗೊಳಿಸಲು ಹೇಳುವುದಲ್ಲ, ಆದರೆ ಮುಳ್ಳಿಗೂ ಒಂದು ಮಿತಿಯಿದೆ. ಸರಿಯಾಗಿ ಓದಿದ್ದರೆ ಕುಸಿತದ ನಡುಭಾಗ ಇನ್ನೂ ಬರಬೇಕಿದೆಯೆಂದು ಅದು ಹೇಳುತ್ತಿತ್ತು. ಎಷ್ಟು ನೀರು ಬೀಳುತ್ತದೆಂದು ಹೇಳುತ್ತಿರಲಿಲ್ಲ. ಭಾರದ ಇಳಿತಕ್ಕೆ ಹತ್ತಿರದ ನೆಂಟು ಗಾಳಿಯ ವೇಗದೊಡನೆ, ಮಳೆಯ ಪ್ರಮಾಣದೊಡನೆ ಅಲ್ಲ. 1999ರಲ್ಲಿ ಒಡಿಶಾವನ್ನು ಹೊಡೆದ ಮಹಾ ಚಂಡಮಾರುತದ ನಡುವಿನಲ್ಲಿ ಭಾರ 912 ಮಿಲಿಬಾರಿಗೆ ಇಳಿದಿತ್ತು, ನಮ್ಮ ಮೇಲೆ ಹಾದದ್ದು ಸಾವಿರದ ಆಸುಪಾಸಿನದು. ಆ ಲೆಕ್ಕದಲ್ಲಿ ಇದು ಬಡಪಾಯಿ. ಆದರೂ ಅದರ ಒಡಲಲ್ಲಿ ಎರಡು ಕಡಲುಗಳ ಆವಿಯಿತ್ತು, ನಡಿಗೆ ನಿಧಾನವಿತ್ತು.

1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹದ ಕತೆಯೂ ಇದೇ. ಅಂದು ಕೂಡ ಕೊಲ್ಲಿಯ ಕಡೆಯಿಂದ ಬಂದ ಮಳೆ ಮೂಸಿಯ ಜಲಾನಯನದ ಮೇಲೆ ನಿಂತು ಸುರಿಯಿತು. ಶಂಷಾಬಾದಿನಲ್ಲಿ ಒಂದೇ ದಿನದಲ್ಲಿ ಹನ್ನೆರಡು ಅಂಗುಲಗಳಿಗೂ ಹೆಚ್ಚು. ಮೇಲಿನ ಕೆರೆಗಳು ಒಂದರ ನೀರು ಇನ್ನೊಂದಕ್ಕೆ ನುಗ್ಗಿ ಇನ್ನೂರಕ್ಕೂ ಹೆಚ್ಚು ಒಡೆದವು, ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ಮಳೆಯ ಅಂಕಿಗಳನ್ನೂ ಒಡೆದ ಕೆರೆಗಳ ಲೆಕ್ಕವನ್ನೂ ಹಿಡಿದುಕೊಂಡು ಕುಳಿತು, ಊರಿನ ಮೇಲ್ಭಾಗದಲ್ಲಿ ನೀರನ್ನು ತಡೆದು ನಿಲ್ಲಿಸುವ ಜಲಾಶಯಗಳ ಯೋಜನೆ ಹಾಕಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಬಿರುಮಳೆ ಬರುವುದೆಂದು ಮೊದಲೇ ತಿಳಿದರೂ ಎಷ್ಟು ಬರುವುದೆಂದು ತಿಳಿಯದ ಊರಿಗೆ ಬೇಕಾದದ್ದು ನೀರಿಗೆ ನಿಲ್ಲಲು ಜಾಗ. ಹಬ್ಸಿಗುಡದ ಬೀದಿಯಲ್ಲಿ ನಿಂತವರಿಗೆ ಅದು ಇನ್ನಷ್ಟು ಚೆನ್ನಾಗಿ ಅರ್ಥವಾಗುತ್ತದೆ.

ಇನ್ನೊಂದು ಮಿತಿಯನ್ನೂ ಹೇಳಿಬಿಡುತ್ತೇವೆ, ಏಕೆಂದರೆ ಹೈದರಾಬಾದಿನಲ್ಲಿ ಜನ ಬಿರುಗಾಳಿಯೆಂದರೆ ನೆನೆಯುವುದು ಮೇ ತಿಂಗಳ ಸಂಜೆಗಳನ್ನು. ಧೂಳು ಎದ್ದು, ಹೋರ್ಡಿಂಗುಗಳು ಹರಿದು, ಅರ್ಧ ಗಂಟೆ ಗುಡುಗಿ ಮುಗಿಯುವ ಮಳೆ. ಅದನ್ನು ನಮ್ಮ ಮಾಪಕ ಮುಂಚಿತವಾಗಿ ಹೇಳುವುದಿಲ್ಲ. ಆ ಮೋಡ ಕೆಲವೇ ಕಿಲೋಮೀಟರ್ ಅಗಲದ್ದು, ಮಧ್ಯಾಹ್ನ ಹುಟ್ಟಿ ಸಂಜೆಗೆ ಸಾಯುವಂಥದು. ಮುಳ್ಳು ತನ್ನ ದಿನದ ಇಳಿತದಲ್ಲಿ ನೆಮ್ಮದಿಯಾಗಿರುತ್ತದೆ. ಮೋಡದಿಂದ ತಣ್ಣನೆಯ ಭಾರವಾದ ಗಾಳಿ ನೆಲಕ್ಕೆ ಅಪ್ಪಳಿಸಿ ಹರಡಿದ ಗಳಿಗೆಯಲ್ಲಿ, ಕಿಟಕಿ ಬಡಿದುಕೊಳ್ಳುತ್ತಿರುವಾಗ, ಮುಳ್ಳು ಥಟ್ಟನೆ ಒಂದೆರಡು ಮಿಲಿಬಾರು ಮೇಲಕ್ಕೆ ಹಾರುತ್ತದೆ! ಗಾಳಿ ಅಬ್ಬರಿಸುತ್ತಿರುವಾಗ ಫಲಕ 'ಫೇರ್' ಕಡೆಗೆ ಬೊಟ್ಟು ತೋರುವುದನ್ನು ನೋಡಿ ಮೊದಮೊದಲು ನಗು ಬರುತ್ತಿತ್ತು. ದೂರದಿಂದ ಎರಡು ಮೂರು ದಿನ ನಡೆದು ಬರುವ ದೊಡ್ಡ ಸುಳಿಗಳನ್ನು ಮಾತ್ರ ಈ ಯಂತ್ರ ಬಲ್ಲುದು.

ನೀರು ಇಳಿದ ಮೇಲೆ ನೋಟು ಪುಸ್ತಕಗಳನ್ನು ತಾರಸಿಯ ಮೇಲೆ ಒಣಗಿಸಿದೆವು. ಬಾಲ್‌ಪೆನ್ನಿನಲ್ಲಿ ಬರೆದವು ಓದುವಂತೆ ಉಳಿದವು. ಮೊದಲ ಇಪ್ಪತ್ತು ವರ್ಷಗಳವು ಮಸಿಯ ಪೆನ್ನಿನವು, ಪುಟಗಳೆಲ್ಲ ತಿಳಿನೀಲಿಯಾಗಿದ್ದವು. ನಾವು ಪುಸ್ತಕ ತೆರೆದು, ಸಂಜೆ ನಾಲ್ಕರ ಮೂರು ಅಂಕಿಗಳನ್ನು ಮಾಸ್ತರರಿಗೆ ತೋರಿಸಿ, ತಪ್ಪು ಎಲ್ಲಿ ಆಯಿತೆಂದು ಹೇಳಿದೆವು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಮೇಲಿಂದ ಕೆಳಗ ಓದೋದು ಇತ್ತೇನ್ರೀ ಇದನ್ನ," ಎಂದರು. ಬೇರೇನೂ ಹೇಳಲಿಲ್ಲ.

ಈಗ ಅವರು ಅದೇ ಕಟ್ಟಡದ ಎರಡನೆಯ ಮಹಡಿಯಲ್ಲಿದ್ದಾರೆ. ಕಪಾಟಿನ ಕೆಳಗಿನ ಸಾಲು ಖಾಲಿ. ಅಕ್ಟೋಬರಿನಲ್ಲಿ ಮೋಡ ಕಟ್ಟಿತೆಂದರೆ ಸಂಜೆ ನಾಲ್ಕಕ್ಕೆ ಮೆಟ್ಟಿಲ ಮೇಲೆ ಅವರ ಸದ್ದು ಕೇಳುತ್ತದೆ. ಮುಳ್ಳು ಏನನ್ನುತ್ತದೆಂದು ಅವರು ಈಗ ಕೇಳುವುದಿಲ್ಲ.

"ರಾಯರ, ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತರೀ?"